ಹಣಕಾಸು ಸಂಸ್ಥೆಯ ಪೋಸ್ಟ್‌ಗಳಲ್ಲಿ ಎಮೋಜಿ, ಹ್ಯಾಶ್‌ಟ್ಯಾಗ್, ಸ್ಲ್ಯಾಂಗ್: ಪರಿಶೀಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕ್, ವಿಮಾ ಕಂಪನಿ, ಫಂಡ್ ಸಂಸ್ಥೆ, ಪಿಂಚಣಿ ನಿಧಿ ಇಂಥ ಕಡೆ ಸಾಮಾಜಿಕ ಜಾಲತಾಣದ ಕರಡುಗಳನ್ನು ಓದಿ ಒಪ್ಪಿಗೆ ಕೊಡುವ ಕೆಲಸ ಯಾರದೋ ಒಬ್ಬರ ಮೇಜಿಗೆ ಬಂದು ಬೀಳುತ್ತದೆ. ಅಂಕಿಗಳನ್ನು ನೋಡಲು ಲೆಕ್ಕಪತ್ರದವರಿದ್ದಾರೆ, ನಿಯಮ ನೋಡಲು ಕಂಪ್ಲಯನ್ಸ್ ವಿಭಾಗವಿದೆ. ಸಾಲಿನ ಕೊನೆಯಲ್ಲಿ ಕೂತಿರುವ ರಾಕೆಟ್ಟನ್ನು ಮಾತ್ರ ಯಾರೂ ತಮ್ಮದೆಂದು ನೋಡುವುದಿಲ್ಲ. ಆ ರಾಕೆಟ್ಟಿಗೆ ಹೊಣೆಯಾಗುವವರಿಗಾಗಿ ಈ ಪ್ರಶ್ನೋತ್ತರ.

ಎಮೋಜಿ ಅಲಂಕಾರವಷ್ಟೇ ಅಲ್ಲವೇ? ಅದನ್ನೂ ಪರಿಶೀಲಿಸಬೇಕೇ?

ಪರಿಶೀಲಿಸಬೇಕು. ಎಮೋಜಿ ಏನನ್ನೋ ಹೇಳುತ್ತದೆ; ಹಣದ ವಿಷಯದಲ್ಲಿ ಅದು ಹೇಳುವುದು ಬಹುತೇಕ ಲಾಭದ ಮಾತನ್ನೇ.

ನ್ಯಾಯಾಲಯಗಳೂ ಇದನ್ನು ಹೀಗೆಯೇ ನೋಡತೊಡಗಿವೆ. ಡಿಜಿಟಲ್ ಸಂಗ್ರಹ ವಸ್ತುಗಳನ್ನು ಮಾರುತ್ತಿದ್ದ ಡ್ಯಾಪರ್ ಲ್ಯಾಬ್ಸ್ ಕಂಪನಿಯ ಮೇಲೆ ಹೂಡಿಕೆದಾರರು ಹೂಡಿದ್ದ ದಾವೆಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶ ವಿಕ್ಟರ್ ಮರೆರೊ 2023ರ ಫೆಬ್ರುವರಿಯಲ್ಲಿ ಒಂದು ಆದೇಶ ನೀಡಿದರು. ಕಂಪನಿಯ ಟ್ವೀಟ್‌ಗಳಲ್ಲಿ ‘ಲಾಭ’ ಎಂಬ ಪದ ಇಲ್ಲದಿದ್ದರೂ ರಾಕೆಟ್, ಏರುವ ನಕ್ಷೆ, ಹಣದ ಚೀಲ ಈ ಮೂರು ಎಮೋಜಿಗಳ ಅರ್ಥ ಹೂಡಿಕೆಯ ಮೇಲಿನ ಗಳಿಕೆಯೇ ಎಂದು ಅವರು ಬರೆದರು. ಅದೇ ವರ್ಷದ ಜುಲೈನಲ್ಲಿ, ಗೃಹಬಳಕೆ ವಸ್ತುಗಳನ್ನು ಮಾರುತ್ತಿದ್ದ ಅಮೆರಿಕದ ಬೆಡ್ ಬಾತ್ ಆ್ಯಂಡ್ ಬಿಯಾಂಡ್ ಕಂಪನಿಯ ಷೇರಿಗೆ ಸಂಬಂಧಿಸಿದ ಪ್ರಕರಣದಲ್ಲಿ, ನಗುಮುಖದ ಪೂರ್ಣಚಂದ್ರನ ಎಮೋಜಿ 🌝 ಚರ್ಚೆಗೆ ಬಂತು. ಷೇರುಪೇಟೆಯ ಆನ್‌ಲೈನ್ ಬಳಗಗಳಲ್ಲಿ ಚಂದ್ರನೆಂದರೆ ‘ಬೆಲೆ ಚಂದ್ರನವರೆಗೆ ಏರುತ್ತದೆ’ ಎಂದೇ ಅರ್ಥ. ಪದಗಳಲ್ಲಿ ಹೇಳಿದ್ದರೆ ದಾವೆಗೆ ಕಾರಣವಾಗಬಹುದಾದ ಮಾತನ್ನು ಎಮೋಜಿಯಲ್ಲಿ ಹೇಳಿದರೂ ಅದು ಕಾರಣವಾಗಬಲ್ಲದು ಎಂಬ ನಿಲುವನ್ನು ಅಲ್ಲಿನ ನ್ಯಾಯಾಧೀಶರು ತಳೆದರು. ಎರಡೂ ಆದೇಶಗಳು ದಾವೆಯನ್ನು ಮುಂದುವರಿಸಬಹುದೇ ಎಂಬ ಆರಂಭದ ಹಂತದವು, ಅಂತಿಮ ತೀರ್ಪುಗಳಲ್ಲ. ಪರಿಶೀಲಕರಿಗೆ ಅಷ್ಟೇ ಸಾಕು: ‘ಅದು ಬರೀ ಚಿತ್ರ’ ಎಂಬ ಸಮಜಾಯಿಷಿ ಇನ್ನು ನಡೆಯುವುದಿಲ್ಲ.

ಹಾಗಾದರೆ ಎಲ್ಲ ಎಮೋಜಿಗಳನ್ನೂ ನಿಷೇಧಿಸಿದರೆ ಕೆಲಸ ಸುಲಭವಾಗುವುದಿಲ್ಲವೇ?

ಪರಿಶೀಲಕರ ಕೆಲಸ ಸುಲಭವಾಗುತ್ತದೆ, ಓದುಗರದಲ್ಲ. ಶಾಖೆಯ ವೇಳಾಪಟ್ಟಿಯ ಪಕ್ಕ ಒಂದು ಗಡಿಯಾರ, ವಂಚನೆಯ ಎಚ್ಚರಿಕೆಯ ಪಕ್ಕ ಒಂದು ⚠️ ಇದ್ದರೆ ಬೆರಳಿನಿಂದ ಪರದೆಯನ್ನು ಸರಿಸುತ್ತಿರುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಹುಡುಕಲು ನೆರವಾಗುವ ಎಮೋಜಿ ಇರಲಿ, ಆಸೆ ಹುಟ್ಟಿಸುವ ಎಮೋಜಿ ಬೇಡ. ಈ ಒಂದು ಗೆರೆ ಎಳೆದುಕೊಂಡರೆ ಮುಕ್ಕಾಲು ಪಾಲು ತಕರಾರುಗಳು ಅಲ್ಲಿಗೇ ತೀರುತ್ತವೆ.

ಒಂದು ಕರಡು ಕೈಗೆ ಬಂದಾಗ ಎಲ್ಲಿಂದ ಓದಲು ಆರಂಭಿಸಬೇಕು?

ಒಂದು ಮಾದರಿ ಕರಡನ್ನೇ ತೆಗೆದುಕೊಳ್ಳೋಣ. ಸಂಸ್ಥೆಯೊಂದು ತನ್ನ ಬಾಂಡ್ ಫಂಡ್ ಬಗ್ಗೆ ಬರೆದಿದೆ ಎಂದುಕೊಳ್ಳಿ. ಗ್ರಾಹಕರಲ್ಲಿ ಹೆಚ್ಚಿನವರು ನಿವೃತ್ತರು ಮತ್ತು ನಿವೃತ್ತಿಗೆ ಹತ್ತಿರವಿರುವವರು.

> 🚀🚀 ನಮ್ಮ ಬಾಂಡ್ ಫಂಡ್ ಕಳೆದ ವರ್ಷ 8.4% ಗಳಿಸಿದೆ! 📈🔥 ಇನ್ನೂ ಠೇವಣಿಯಲ್ಲೇ ಮಲಗಿದ್ದೀರಾ? 😴 ಎದ್ದೇಳಿ ಬಾಸ್, ಚಿಂತೆಯಿಲ್ಲದ ಗಳಿಕೆ ಶುರು! 💰 #ಚಿಂತೆಯಿಲ್ಲದಗಳಿಕೆ #ಹಣವೇಹಣ #MondayMotivation

ಮೊದಲು ಎಮೋಜಿ, ಹ್ಯಾಶ್‌ಟ್ಯಾಗ್ ಎರಡನ್ನೂ ತೆಗೆದು ಉಳಿದದ್ದನ್ನು ಓದಿ. ಉಳಿಯುವುದು ಒಂದು ಅಂಕಿ, ಒಂದು ಮೂದಲಿಕೆ, ಒಂದು ಭರವಸೆ. ಅಪಾಯದ ಮಾತು ಎಲ್ಲಿಯೂ ಇಲ್ಲ. ಕರಡಿನ ನಿಜವಾದ ದೋಷ ಇಲ್ಲೇ ಕಾಣುತ್ತದೆ. ಎಮೋಜಿಗಳಿದ್ದಾಗ ಸಾಲು ತುಂಬಿದಂತೆ ಕಂಡು ಆ ಕೊರತೆ ಮರೆಯಾಗಿತ್ತು.

ಎರಡನೆಯದಾಗಿ, ಪ್ರತಿ ಎಮೋಜಿಯನ್ನೂ ಪೂರ್ಣ ವಾಕ್ಯವಾಗಿ ಕಾಗದದ ಮೇಲೆ ಬರೆಯಿರಿ. ಈ ಪದ್ಧತಿಯನ್ನು ನಾನು ಯಾರಿಗೇ ಆಗಲಿ ಮೊದಲು ಹೇಳಿಕೊಡುತ್ತೇನೆ, ಏಕೆಂದರೆ ಇದರಿಂದ ವಾದ ಮುಗಿಯುತ್ತದೆ. 🚀🚀 ಎಂದರೆ ‘ಇದರ ಬೆಲೆ ಬಹಳ ವೇಗವಾಗಿ ಏರುತ್ತದೆ’. 📈 ಎಂದರೆ ‘ಏರಿದೆ, ಏರುತ್ತಿದೆ’. 🔥 ಎಂದರೆ ‘ಎಲ್ಲರೂ ಮುಗಿಬಿದ್ದಿದ್ದಾರೆ’. 😴 ಎಂದರೆ ‘ಠೇವಣಿ ಇಟ್ಟವರು ಸೋಮಾರಿಗಳು’. 💰 ಎಂದರೆ ‘ನಿಮಗೆ ಬಹಳ ಹಣ ಬರುತ್ತದೆ’. ಈಗ ಈ ಐದು ವಾಕ್ಯಗಳ ಕೆಳಗೆ ಸಂಸ್ಥೆಯ ಅಧಿಕಾರಿಯೊಬ್ಬರು ಸಹಿ ಹಾಕುತ್ತಾರೆಯೇ ಎಂದು ಕೇಳಿ. ಏರಿದೆ ಎಂಬ ಅರ್ಧ ವಾಕ್ಯಕ್ಕೆ ಹಾಕಬಹುದು, ಉಳಿದ ಯಾವುದಕ್ಕೂ ಇಲ್ಲ. ಸಹಿ ಹಾಕಲಾಗದ ವಾಕ್ಯದ ಎಮೋಜಿ ಹೊರಗೆ ಹೋಗುತ್ತದೆ.

ಬಾಂಡ್ ಫಂಡಿಗೆ ರಾಕೆಟ್ ಹೊಂದದಿರಲು ಇನ್ನೊಂದು ಕಾರಣವೂ ಇದೆ. ಬಾಂಡ್ ಫಂಡನ್ನು ಜನ ಆರಿಸಿಕೊಳ್ಳುವುದೇ ಏರಿಳಿತ ಕಡಿಮೆ ಇರಲಿ ಎಂದು. ಬಡ್ಡಿದರ ಇಳಿದ ವರ್ಷ ಹಳೆಯ ಬಾಂಡ್‌ಗಳ ಬೆಲೆ ಏರುತ್ತದೆ, ಅದರಿಂದ ಆ ವರ್ಷದ ಪ್ರತಿಫಲ ಎತ್ತರವಾಗಿ ಕಾಣುತ್ತದೆ. ದರ ಏರಿದ ವರ್ಷ ಅದೇ ಫಂಡ್ ಇಳಿಯಬಹುದು. ಅಂಥ ಒಂದು ವರ್ಷದ ಅಂಕಿಯ ಮುಂದೆ ರಾಕೆಟ್ ಇಟ್ಟರೆ ವಸ್ತುವಿನ ಸ್ವಭಾವವನ್ನೇ ತಪ್ಪಾಗಿ ಹೇಳಿದಂತಾಗುತ್ತದೆ. ಎಮೋಜಿ ಓದುಗರಿಗೆ ಹೊಂದುತ್ತದೆಯೇ ಎಂದು ನೋಡುವ ಮೊದಲು ಮಾರುತ್ತಿರುವ ವಸ್ತುವಿಗೆ ಹೊಂದುತ್ತದೆಯೇ ಎಂದು ನೋಡಿ.

ಮೂರನೆಯದು ಹ್ಯಾಶ್‌ಟ್ಯಾಗ್. ‘ಚಿಂತೆಯಿಲ್ಲದಗಳಿಕೆ’ ಎಂಬುದು ಹ್ಯಾಶ್‌ಟ್ಯಾಗ್ ವೇಷದ ಖಾತರಿ. ಪಠ್ಯದಲ್ಲಿ ‘ಖಚಿತ ಲಾಭ’ ಎಂದು ಬರೆಯಲು ಹೆದರುವವರು ಕೂಡ # ಚಿಹ್ನೆ ಹಿಂದೆ ಬಂದರೆ ಅದನ್ನು ಮಾತೆಂದು ಎಣಿಸುವುದಿಲ್ಲ. ಅದು ಮಾತೇ. ‘ಹಣವೇಹಣ’ ಎಂಬುದನ್ನು ಜಾಲತಾಣದಲ್ಲಿ ಹುಡುಕಿ ನೋಡಿ. ಅಂಥ ಟ್ಯಾಗ್‌ಗಳ ಅಡಿಯಲ್ಲಿ ಲಾಟರಿ, ದಿಢೀರ್ ಶ್ರೀಮಂತಿಕೆಯ ಯೋಜನೆ ಸಿಕ್ಕರೆ ನಿಮ್ಮ ಸಂಸ್ಥೆ ನಿಲ್ಲುವುದು ಅವುಗಳ ಸಾಲಿನಲ್ಲೇ.

ನಾಲ್ಕನೆಯದು ‘ಬಾಸ್’, ‘ಮಲಗಿದ್ದೀರಾ’, ‘ಎದ್ದೇಳಿ’. ನಲವತ್ತು ವರ್ಷ ದುಡಿದು ಉಳಿಸಿದ ಹಣವನ್ನು ಎಲ್ಲಿಡಬೇಕೆಂದು ಯೋಚಿಸುತ್ತಿರುವ ವ್ಯಕ್ತಿಯನ್ನು ಸಂಸ್ಥೆಯ ಕೌಂಟರಿನಲ್ಲಿ ಯಾರೂ ಹೀಗೆ ಮಾತನಾಡಿಸುವುದಿಲ್ಲ. ಕೌಂಟರಿನಲ್ಲಿ ಆಡದ ಮಾತು ಪೋಸ್ಟಿನಲ್ಲೂ ಬೇಡ.

ತಿದ್ದಿದ ಮೇಲೆ ಕರಡು ಹೀಗೆ ನಿಲ್ಲುತ್ತದೆ:

> ನಮ್ಮ ಬಾಂಡ್ ಫಂಡ್ ಕಳೆದ ಒಂದು ವರ್ಷದಲ್ಲಿ 8.4%, ಕಳೆದ ಮೂರು ವರ್ಷಗಳಲ್ಲಿ ವಾರ್ಷಿಕ ಸರಾಸರಿ 6.1% ಪ್ರತಿಫಲ ನೀಡಿದೆ. ಬಡ್ಡಿದರ ಏರಿದರೆ ಫಂಡಿನ ಮೌಲ್ಯ ಇಳಿಯಬಹುದು; ಹೂಡಿದ ಮೊತ್ತಕ್ಕೆ ಖಾತರಿ ಇಲ್ಲ. ಹಿಂದಿನ ಪ್ರತಿಫಲ ಮುಂದೆಯೂ ಸಿಗುತ್ತದೆ ಎನ್ನಲಾಗದು. ಪೂರ್ಣ ವಿವರ ಇಲ್ಲಿದೆ 👇 #ಬಾಂಡ್ಫಂಡ್

ಉಳಿದ ಎಮೋಜಿ ಒಂದೇ, ಅದು ಕೊಂಡಿಯನ್ನು ತೋರಿಸುತ್ತದೆ. ಅದನ್ನೂ ಬಿಡುವ ಮುನ್ನ ಒಮ್ಮೆ ಪರೀಕ್ಷಿಸಿ. ಅದೇ ಪಠ್ಯವನ್ನು ಕೊಂಡಿ ಪ್ರೊಫೈಲ್ ಪುಟದಲ್ಲಿರುವ ಆ್ಯಪ್‌ಗೆ ಹಾಕಿದರೆ ಕೆಳಮುಖದ ಬೆರಳು ಏನೂ ಇಲ್ಲದ ಜಾಗವನ್ನು ತೋರಿಸುತ್ತದೆ. ಮೂರು ವರ್ಷದ ಸರಾಸರಿ ಸೇರಿದ್ದರಿಂದ 8.4%ರ ಹೊಳಪು ಕಡಿಮೆಯಾಯಿತು ಎಂದು ಮಾರ್ಕೆಟಿಂಗ್ ತಂಡ ಬೇಸರಪಡಬಹುದು. ಆ ಹೊಳಪು ಕಡಿಮೆಯಾಗಲೇಬೇಕಿತ್ತು.

ಅಪಾಯದ ಎಚ್ಚರಿಕೆ ಕೊನೆಯಲ್ಲಿ ಇದ್ದರೆ ಸಾಲದೇ?

ಅದು ಎಲ್ಲಿ ಕತ್ತರಿಸಿ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಉದ್ದದ ಪೋಸ್ಟ್‌ಗಳನ್ನು ಆ್ಯಪ್‌ಗಳು ಕೆಲವು ಸಾಲಿನ ನಂತರ ಮಡಚಿ ‘ಇನ್ನಷ್ಟು’ ಎಂದು ತೋರಿಸುತ್ತವೆ. ಮೊದಲ ಸಾಲುಗಳನ್ನು ಎಮೋಜಿಗಳು ತುಂಬಿಕೊಂಡರೆ ಎಚ್ಚರಿಕೆ ಮಡಿಕೆಯ ಒಳಗೆ ಸೇರುತ್ತದೆ. ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ 2024ರ ಮಾರ್ಚ್‌ನಲ್ಲಿ ಸಾಮಾಜಿಕ ಜಾಲತಾಣದ ಜಾಹೀರಾತುಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿ ಇದನ್ನು ನೇರವಾಗಿ ಎತ್ತಿಕೊಳ್ಳುತ್ತದೆ: ಪ್ರತಿ ಪೋಸ್ಟ್ ತಾನೊಂದೇ ನಿಂತಾಗಲೂ ನ್ಯಾಯವಾಗಿ, ಸ್ಪಷ್ಟವಾಗಿ ಇರಬೇಕು, ತಪ್ಪು ದಾರಿಗೆ ಎಳೆಯಬಾರದು, ಎಚ್ಚರಿಕೆ ಎದ್ದು ಕಾಣಬೇಕು. ನಿಮ್ಮ ದೇಶದ ನಿಯಮ ಬೇರೆಯಿದ್ದರೂ ಕರಡನ್ನು ಫೋನಿನಲ್ಲಿ ಮಡಚಿದ ಸ್ಥಿತಿಯಲ್ಲೇ ನೋಡಿ ಒಪ್ಪಿಗೆ ಕೊಡುವ ರೂಢಿ ಎಲ್ಲರಿಗೂ ಒಳ್ಳೆಯದು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಓದಿ ಒಪ್ಪಿದ್ದು ಫೋನಿನಲ್ಲಿ ಬೇರೆಯೇ ಆಗಿರುತ್ತದೆ.

ನಮ್ಮ ಓದುಗರು ಯಾರೆಂದು ಹೇಗೆ ತಿಳಿಯುವುದು?

ಹಿಂಬಾಲಕರ ವಯಸ್ಸಿನ ನಕ್ಷೆಯೊಂದನ್ನೇ ನಂಬಬೇಡಿ. ಪುಟವನ್ನು ಹಿಂಬಾಲಿಸುವವರಲ್ಲಿ ಉದ್ಯೋಗಾಕಾಂಕ್ಷಿಗಳು, ಪ್ರತಿಸ್ಪರ್ಧಿ ಸಂಸ್ಥೆಗಳವರು, ಸ್ವಂತ ಸಿಬ್ಬಂದಿ ಎಲ್ಲ ಸೇರಿರುತ್ತಾರೆ. ನಿಜವಾದ ಗ್ರಾಹಕರ ದನಿ ಕೇಳುವುದು ಪ್ರತಿಕ್ರಿಯೆಗಳಲ್ಲಿ ಮತ್ತು ಸಹಾಯವಾಣಿಗೆ ಬರುವ ಸಂದೇಶಗಳಲ್ಲಿ. ಇತ್ತೀಚಿನ ನೂರು ಸಂದೇಶಗಳನ್ನು ತೆಗೆದು ಓದಿ. ಅವರು ‘ದಯವಿಟ್ಟು ತಿಳಿಸಿ’ ಎಂದು ಬರೆಯುತ್ತಾರೆಯೇ, ‘ಏನಾಯ್ತು’ ಎಂದು ಬರೆಯುತ್ತಾರೆಯೇ? ಎಮೋಜಿ ಬಳಸುತ್ತಾರೆಯೇ, ಬಳಸಿದರೆ ಯಾವುದನ್ನು? ಬಹಳ ಕಡೆ ಕಾಣುವುದು 🙏 ಒಂದೇ. ಅಂಥ ಓದುಗರಿಗೆ ಸಾಲುಸಾಲು 🤩💸 ಹಾಕಿದರೆ ಸಂಸ್ಥೆ ಬೇರೆ ಯಾರೊಂದಿಗೋ ಮಾತನಾಡುತ್ತಿದೆ ಅನಿಸುತ್ತದೆ.

ವಯಸ್ಸಿಗಿಂತ ಮುಖ್ಯವಾದದ್ದು ಓದುವ ಹೊತ್ತಿನ ಪರಿಸ್ಥಿತಿ. ಸಾಲದ ಕಂತು ತಪ್ಪಿದವರು, ವಿಮೆಯ ಹಣಕ್ಕಾಗಿ ಕಾಯುತ್ತಿರುವವರು, ಪೇಟೆ ಕುಸಿದ ದಿನ ನಷ್ಟ ಕಂಡವರು ಎಲ್ಲರೂ ಅದೇ ಪೋಸ್ಟ್ ಓದುತ್ತಾರೆ. ಇಪ್ಪತ್ತೆರಡು ವರ್ಷದ ಯುವತಿಯೇ ಆದರೂ ಹಣ ಕಳೆದುಕೊಂಡ ದಿನ ತನ್ನ ಬ್ಯಾಂಕಿನಿಂದ ತಮಾಷೆಯನ್ನು ಬಯಸುವುದಿಲ್ಲ. ಆದ್ದರಿಂದ ಪ್ರತಿ ಕರಡನ್ನು ಎರಡು ಬಾರಿ ಓದಿ: ಒಮ್ಮೆ ಸಾಮಾನ್ಯ ಗ್ರಾಹಕರಾಗಿ, ಇನ್ನೊಮ್ಮೆ ಅದೇ ವಿಷಯದಲ್ಲಿ ಈಗಷ್ಟೇ ಪೆಟ್ಟು ತಿಂದವರಾಗಿ. ಮೊದಲೇ ಸಮಯ ನಿಗದಿ ಮಾಡಿಟ್ಟ ಪೋಸ್ಟ್‌ಗಳ ಪಟ್ಟಿಯನ್ನು ಪೇಟೆ ಕುಸಿದ ಬೆಳಿಗ್ಗೆ ತೆರೆದು ನೋಡುವ ಹೊಣೆ ಒಬ್ಬರಿಗೆ ಇರಲೇಬೇಕು.

ಒಂದೇ ಎಮೋಜಿ ಎಲ್ಲರಿಗೂ ಒಂದೇ ರೀತಿ ಕಾಣುತ್ತದೆಯೇ?

ಇಲ್ಲ. ಯೂನಿಕೋಡ್ ಎಮೋಜಿಗೆ ಸಂಖ್ಯೆ ಮತ್ತು ಹೆಸರು ಕೊಡುತ್ತದೆ, ಚಿತ್ರ ಬರೆಯುವುದು ಆಯಾ ಕಂಪನಿ. 2016ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ನಗುಮುಖದ ಎಮೋಜಿ ಒಂದು ಫೋನಿನಲ್ಲಿ ಸಂತೋಷವಾಗಿಯೂ ಇನ್ನೊಂದರಲ್ಲಿ ಹಲ್ಲು ಕಚ್ಚಿ ಜಗಳಕ್ಕೆ ನಿಂತಂತೆಯೂ ಜನರಿಗೆ ತೋರುತ್ತದೆ ಎಂದು ಕಂಡುಕೊಂಡರು. ಆಮೇಲೆ ಕಂಪನಿಗಳ ಚಿತ್ರಗಳು ಸಾಕಷ್ಟು ಹತ್ತಿರ ಬಂದಿವೆ. ಹಣಕಾಸಿನ ಪೋಸ್ಟ್‌ಗಳಲ್ಲಿ ಕಾಡುವ ಕೆಲವು ಮಾತ್ರ ಹಾಗೆಯೇ ಉಳಿದಿವೆ.

ಅವುಗಳಲ್ಲಿ ಕ್ಯಾಲೆಂಡರಿನ 📅 ಮೊದಲನೆಯದು. ಆ್ಯಪಲ್ ಫೋನುಗಳಲ್ಲಿ ಅದರ ಮೇಲೆ ಜುಲೈ 17 ಎಂದು ಬರೆದಿರುತ್ತದೆ. ‘ಅರ್ಜಿ ಸಲ್ಲಿಸಲು ಕೊನೆಯ ದಿನ 📅’ ಎಂದು ಬರೆದು ದಿನಾಂಕವನ್ನು ಮುಂದಿನ ಸಾಲಿಗೆ ತಳ್ಳಿದರೆ, ಓದುವವರ ಕಣ್ಣಿಗೆ ಮೊದಲು ಬೀಳುವ ದಿನಾಂಕ ಆ ಚಿತ್ರದ್ದೇ. ಕಂತು, ಪ್ರೀಮಿಯಂ, ತೆರಿಗೆ ಯಾವುದರ ಗಡುವೇ ಆಗಲಿ, ಈ ಎಮೋಜಿಯನ್ನು ದೂರವಿಡಿ.

ಎರಡನೆಯದು 💹. ಏರುವ ನಕ್ಷೆಯೆಂದು ಇದನ್ನು ಹಾಕುವವರು ಅದರೊಳಗೆ ಜಪಾನಿನ ಯೆನ್ ಚಿಹ್ನೆ ಇರುವುದನ್ನು ಗಮನಿಸಿರುವುದಿಲ್ಲ. ನೋಟಿನ ಎಮೋಜಿಗಳೂ ಹಾಗೆಯೇ: 💵 ಡಾಲರ್, 💴 ಯೆನ್, 💶 ಯೂರೋ, 💷 ಪೌಂಡ್. ಸಂಸ್ಥೆ ಬೇರೆ ಹಣದಲ್ಲಿ ವ್ಯವಹರಿಸುತ್ತಿದ್ದರೆ ಇವು ಯಾವುವೂ ಸೇರುವುದಿಲ್ಲ.

ಮೂರನೆಯದು ಬಣ್ಣ. 📈 ಎಮೋಜಿಯ ಏರುಗೆರೆ ಹಲವು ಫೋನುಗಳಲ್ಲಿ ಕೆಂಪಾಗಿರುತ್ತದೆ, ಏಕೆಂದರೆ ಜಪಾನಿನ ಪೇಟೆಯಲ್ಲಿ ಏರಿಕೆಯ ಬಣ್ಣ ಕೆಂಪು. ಚೀನಾದಲ್ಲೂ ಅಷ್ಟೇ. ಕೆಂಪೆಂದರೆ ಇಳಿಕೆ ಎಂದು ಓದುವ ರೂಢಿಯಿರುವ ಹೂಡಿಕೆದಾರರಿಗೆ ಚಿತ್ರ ಒಂದು ಹೇಳುತ್ತದೆ, ಬಣ್ಣ ಇನ್ನೊಂದು. ಹಸಿರು ಕೆಂಪು ಚೌಕಗಳಿಂದ ಏರಿಳಿತ ತೋರಿಸುವ ಪೋಸ್ಟ್‌ಗಳಲ್ಲಿ ಬಣ್ಣ ಗುರುತಿಸಲಾಗದವರಿಗೆ ಏನೂ ತಿಳಿಯುವುದಿಲ್ಲ. ‘ಏರಿಕೆ’, ‘ಇಳಿಕೆ’ ಎಂಬ ಪದಗಳನ್ನೇ ಬರೆಯಿರಿ.

ಎಮೋಜಿಯ ಅರ್ಥ ವಯಸ್ಸಿನೊಂದಿಗೆ ಬದಲಾಗುತ್ತದೆ ಎನ್ನುತ್ತಾರಲ್ಲ?

ನಿಜ. ಹಿರಿಯರಿಗೆ 🙂 ಸೌಜನ್ಯದ ನಗು, ಕಿರಿಯರಲ್ಲಿ ಅನೇಕರಿಗೆ ಅದು ತುಟಿಯಂಚಿನ ಅಸಮಾಧಾನ. ಕಿರಿಯರು ನಗೆ ತಡೆಯಲಾರದೆ ಹಾಕುವ 💀 ಹಿರಿಯರಿಗೆ ಸಾವು. ವಿಮಾ ಸಂಸ್ಥೆಯ ಪುಟದಲ್ಲಂತೂ ಅದು ಸಾವೇ. ಎರಡು ಪೀಳಿಗೆ ಎರಡು ಅರ್ಥ ಹಚ್ಚುವ ಮುಖಗಳನ್ನು ಬಿಟ್ಟು ವಸ್ತುಗಳ ಎಮೋಜಿಗಳನ್ನೇ ಆರಿಸಿಕೊಂಡರೆ ಈ ತೊಡಕು ಬಾರದು.

ಸ್ಕ್ರೀನ್ ರೀಡರ್ ಬಳಸುವವರಿಗೆ ಇದೆಲ್ಲ ಹೇಗೆ ಕೇಳುತ್ತದೆ?

ದೃಷ್ಟಿದೋಷವಿರುವ ಗ್ರಾಹಕರ ಫೋನ್ ಪ್ರತಿ ಎಮೋಜಿಯ ಹೆಸರನ್ನು ಗಟ್ಟಿಯಾಗಿ ಓದುತ್ತದೆ. ಮೇಲಿನ ಮೊದಲ ಕರಡು ಅವರಿಗೆ ‘ರಾಕೆಟ್ ರಾಕೆಟ್ ನಮ್ಮ ಬಾಂಡ್ ಫಂಡ್…’ ಎಂದು ಶುರುವಾಗುತ್ತದೆ. ವಾಕ್ಯದ ನಡುವೆ ಪದಕ್ಕೆ ಬದಲಾಗಿ ಎಮೋಜಿ ಹಾಕಿದ್ದರೆ ಅರ್ಥವೇ ಮುರಿಯುತ್ತದೆ. ಅಂಕಿಗಳ ಪಟ್ಟಿಗೆ ಪ್ರತಿ ಸಾಲಿನಲ್ಲೂ ✅ ಹಾಕಿದ್ದರೆ ಬಡ್ಡಿದರ ಕೇಳಿಸಿಕೊಳ್ಳುವ ಮೊದಲು ಅದರ ಹೆಸರನ್ನು ಅಷ್ಟೂ ಬಾರಿ ಕೇಳಬೇಕು. ಪರಿಶೀಲಕರ ಫೋನಿನಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ: ಐಫೋನಿನಲ್ಲಿ ವಾಯ್ಸ್‌ಓವರ್, ಆ್ಯಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್. ಒಮ್ಮೆ ಹಾಕಿ ಕೇಳಿ. ಎಮೋಜಿಯನ್ನು ವಾಕ್ಯದ ಕೊನೆಗೆ ಮಾತ್ರ ಇಡಬೇಕು, ಪದದ ಜಾಗದಲ್ಲಿ ಇಡಬಾರದು ಎಂಬ ನಿಯಮ ಆಗ ತಾನಾಗಿಯೇ ಹೊಳೆಯುತ್ತದೆ.

ಸಂಸ್ಥೆಯದೇ ಹೊಸ ಹ್ಯಾಶ್‌ಟ್ಯಾಗ್ ಹುಟ್ಟುಹಾಕುವ ಮುನ್ನ ಏನು ನೋಡಬೇಕು?

ಅದನ್ನು ನಿಮ್ಮ ಮೇಲೆ ಸಿಟ್ಟಿರುವವರು ಹೇಗೆ ಬಳಸುತ್ತಾರೆ ಎಂದು ಮೊದಲು ನೋಡಿ. 2013ರ ನವೆಂಬರ್‌ನಲ್ಲಿ ಅಮೆರಿಕದ ಬ್ಯಾಂಕ್ ಜೆಪಿ ಮಾರ್ಗನ್ ತನ್ನ ಹಿರಿಯ ಅಧಿಕಾರಿಯೊಬ್ಬರನ್ನು ಟ್ವಿಟರ್‌ನಲ್ಲಿ ಪ್ರಶ್ನೆ ಕೇಳಲು `#AskJPM` ಎಂಬ ಟ್ಯಾಗ್ ಕೊಟ್ಟಿತು. ಹಣಕಾಸು ಕುಸಿತದ ನೋವು ಇನ್ನೂ ಹಸಿಯಾಗಿತ್ತು. ಬಂದ ಪ್ರಶ್ನೆಗಳಲ್ಲಿ ಮನೆ ಜಪ್ತಿ, ದಂಡ, ದುರಾಸೆಯವೇ ತುಂಬಿಹೋದವು. ಕಾರ್ಯಕ್ರಮ ನಡೆಯುವ ಮೊದಲೇ ರದ್ದಾಯಿತು. ಅಲ್ಲಿ ಟ್ಯಾಗಿನ ಅಕ್ಷರಗಳಲ್ಲಿ ದೋಷವಿರಲಿಲ್ಲ. ‘ಏನು ಬೇಕಾದರೂ ಕೇಳಿ’ ಎಂಬ ಆಹ್ವಾನ ಆ ಹೊತ್ತಿನ ಜನರಿಗೆ ಹೊಂದುವಂಥದ್ದಲ್ಲ. ಕರಡು ಟ್ಯಾಗನ್ನು ತೆಗೆದುಕೊಂಡು, ಸಹಾಯವಾಣಿಗೆ ಬಂದ ಅತಿ ಕಟುವಾದ ಐದು ದೂರುಗಳ ಕೊನೆಗೆ ಅಂಟಿಸಿ ಓದಿ ನೋಡಿ. ಅಲ್ಲಿ ಅದು ಬಹಳ ಸಲೀಸಾಗಿ ಕೂತರೆ ಬೇರೆ ಟ್ಯಾಗ್ ಹುಡುಕಿ.

ಇನ್ನು ಅಕ್ಷರಗಳ ವಿಷಯ. ಟ್ಯಾಗಿನಲ್ಲಿ ಜಾಗ ಬಿಡುವಂತಿಲ್ಲವಾದ್ದರಿಂದ ಪದಗಳು ಬೇರೆ ಕಡೆ ಒಡೆದು ಓದಿಸಿಕೊಳ್ಳುತ್ತವೆ. 2013ರಲ್ಲಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಹರಿದಾಡಿದ `#nowthatchersdead` ಟ್ಯಾಗನ್ನು ‘now that Cher's dead’ ಎಂದು ಒಡೆದು ಓದಿ, ಗಾಯಕಿ ಶೆರ್ ಸತ್ತರೆಂದು ಕೆಲವರು ಗಾಬರಿಯಾಗಿದ್ದರು. ಇಂಗ್ಲಿಷ್ ಟ್ಯಾಗಿನಲ್ಲಿ ಪ್ರತಿ ಪದವನ್ನೂ ದೊಡ್ಡಕ್ಷರದಿಂದ ಆರಂಭಿಸಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ, ಸ್ಕ್ರೀನ್ ರೀಡರ್ ಕೂಡ ಪದಗಳನ್ನು ಬಿಡಿಸಿ ಓದುತ್ತದೆ. ಕನ್ನಡಕ್ಕೆ ದೊಡ್ಡಕ್ಷರದ ಅನುಕೂಲ ಇಲ್ಲ. ಹಾಗಾಗಿ ಎರಡು ಪದಗಳಿಗಿಂತ ಹೆಚ್ಚು ಪೋಣಿಸಬೇಡಿ, ಬೇಕಾದರೆ ನಡುವೆ ಅಡಿಗೆರೆ ಹಾಕಿ. % ಚಿಹ್ನೆ, ಚುಕ್ಕಿ, ಅಡ್ಡಗೆರೆ ಬಂದ ಕಡೆ ಟ್ಯಾಗ್ ತುಂಡಾಗುತ್ತದೆ. `#8.4%` ಎಂದು ಬರೆದರೆ ಉಪಯೋಗವಿಲ್ಲ. ಪ್ರಕಟಿಸುವ ಮುನ್ನ ಟ್ಯಾಗಿನ ಬಣ್ಣ ಕೊನೆಯ ಅಕ್ಷರದವರೆಗೂ ಹೋಗಿದೆಯೇ ಎಂದು ಆ್ಯಪ್‌ನಲ್ಲೇ ನೋಡಿ.

ಎಷ್ಟು ಟ್ಯಾಗ್ ಇರಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದು ಅಥವಾ ಎರಡು: ವಸ್ತುವಿನ ಹೆಸರಿಗೆ ಒಂದು, ಅಭಿಯಾನವಿದ್ದರೆ ಅದಕ್ಕೆ ಇನ್ನೊಂದು.

ಎಲ್ಲರೂ ಬಳಸುತ್ತಿರುವ ಟ್ರೆಂಡಿಂಗ್ ಟ್ಯಾಗ್ ಸೇರಿಸಿದರೆ ಹೆಚ್ಚು ಜನರಿಗೆ ತಲುಪುವುದಿಲ್ಲವೇ?

ತಲುಪುತ್ತದೆ, ಯಾವ ಮಾತಿನೊಂದಿಗೆ ತಲುಪುತ್ತದೆ ಎಂಬುದೇ ಚಿಂತೆ. ಅಮೆರಿಕದ ಚೇಸ್ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ `#MondayMotivation` ಟ್ಯಾಗಿನೊಂದಿಗೆ ಗ್ರಾಹಕ ಮತ್ತು ಅವರ ಖಾತೆಯ ನಡುವಿನ ಒಂದು ಕಲ್ಪಿತ ಸಂಭಾಷಣೆಯನ್ನು ಹಾಕಿತು. ಶಿಲ್ಕು ಯಾಕೆ ಇಷ್ಟು ಕಡಿಮೆ ಎಂದು ಗ್ರಾಹಕರು ಕೇಳುತ್ತಾರೆ; ಕಾಫಿ ಮನೆಯಲ್ಲೇ ಮಾಡಿಕೊಳ್ಳಿ, ಫ್ರಿಜ್ಜಿನಲ್ಲಿರುವುದನ್ನು ತಿನ್ನಿ, ಹತ್ತಿರದ ದಾರಿಗೆ ಟ್ಯಾಕ್ಸಿ ಬೇಡ ಎಂದು ಖಾತೆ ಹೇಳುತ್ತದೆ. ಆ ದಿನಗಳಲ್ಲಿ ಅಂಥ ಸಂಭಾಷಣೆಯ ಮೀಮ್ ಎಲ್ಲೆಡೆ ಚಾಲ್ತಿಯಲ್ಲಿತ್ತು. ಗೆಳೆಯರ ನಡುವೆ ಅದು ನಗೆಚಾಟಿಕೆ. ಬ್ಯಾಂಕಿನ ಬಾಯಲ್ಲಿ ಬಂದಾಗ ಬಡತನಕ್ಕೆ ನಿಮ್ಮ ಖರ್ಚೇ ಕಾರಣ ಎಂಬ ಉಪದೇಶವಾಯಿತು. ಸೆನೆಟರ್ ಎಲಿಜಬೆತ್ ವಾರನ್ ಸೇರಿದಂತೆ ಅನೇಕರು ಖಂಡಿಸಿದರು, ಬ್ಯಾಂಕ್ ಅದನ್ನು ಅಳಿಸಿತು.

ಈ ಪ್ರಕರಣವನ್ನು ನಾನು ಹೊಸ ಪರಿಶೀಲಕರಿಗೆ ತಪ್ಪದೆ ತೋರಿಸುತ್ತೇನೆ. ಅಲ್ಲಿ ಕೆಟ್ಟ ಪದ ಒಂದೂ ಇಲ್ಲ, ನಿಯಮ ಮೀರಿದ ಅಂಕಿಯೂ ಇಲ್ಲ. ಪದಪಟ್ಟಿ ಹಿಡಿದು ಪರಿಶೀಲಿಸಿದ್ದರೆ ಅದು ಸಲೀಸಾಗಿ ದಾಟುತ್ತಿತ್ತು. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿದ್ದರೆ ಮಾತ್ರ ನಿಲ್ಲುತ್ತಿತ್ತು. ಶುಲ್ಕ ವಿಧಿಸುವ ಸ್ಥಾನದಲ್ಲಿರುವವರು ಶುಲ್ಕ ಕಟ್ಟುವವರ ಜೇಬಿನ ಬಗ್ಗೆ ತಮಾಷೆ ಮಾಡಬಾರದು.

ಆಡುಮಾತು ಮತ್ತು ಸ್ಲ್ಯಾಂಗ್ ಎರಡೂ ಒಂದೇ ತಾನೇ? ಗಂಭೀರ ಸಂಸ್ಥೆ ಗ್ರಾಂಥಿಕವಾಗಿಯೇ ಬರೆಯಬೇಕೇ?

ಎರಡೂ ಒಂದಲ್ಲ. ‘ಮರುಪಾವತಿ ವಿಳಂಬವಾದ ಪಕ್ಷದಲ್ಲಿ ದಂಡಾತ್ಮಕ ಬಡ್ಡಿಯನ್ನು ವಿಧಿಸಲಾಗುವುದು’ ಎಂಬುದನ್ನು ‘ಕಂತು ತಡವಾದರೆ ಹೆಚ್ಚುವರಿ ಬಡ್ಡಿ ಕಟ್ಟಬೇಕಾಗುತ್ತದೆ’ ಎಂದು ಸರಳಗೊಳಿಸಿದರೆ ಯಾರಿಗೂ ಅಗೌರವವಾಗುವುದಿಲ್ಲ, ಎಲ್ಲರಿಗೂ ತಿಳಿಯುತ್ತದೆ. ಸ್ಲ್ಯಾಂಗ್ ಬೇರೆ: ಅದು ಒಂದು ಗುಂಪಿನ ಒಳಗಿನವರ ಗುರುತು. ಒಳಗಿನವರಿಗೆ ಆಪ್ತವೆನಿಸಿದ್ದು ಹೊರಗಿನವರಿಗೆ ‘ಇದು ನನಗಲ್ಲ’ ಎನಿಸುತ್ತದೆ. ಸಂಸ್ಥೆಗೆ ಗ್ರಾಹಕರೆಲ್ಲರೂ ಒಳಗಿನವರೇ ಆಗಿರಬೇಕು.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಸ್ಲ್ಯಾಂಗ್ ನುಸುಳಿದರೆ ‘ನೀವು’ ಹೋಗಿ ‘ನೀನು’ ಹಿಂಬಾಗಿಲಿನಿಂದ ಬರುತ್ತದೆ. ‘ಟೆನ್ಷನ್ ಬಿಡು, ಸಾಲ ತಗೋ’ ಎಂಬ ಸಾಲಿನಲ್ಲಿ ತಕರಾರಿಗೆ ಅರ್ಹವಾದ ಪದ ‘ಟೆನ್ಷನ್’ ಎಂದು ಕೆಲವರು ಗುರುತು ಹಾಕುತ್ತಾರೆ. ನನ್ನ ಪ್ರಕಾರ ‘ಬಿಡು’, ‘ತಗೋ’ ಎರಡೂ ಅದಕ್ಕಿಂತ ದೊಡ್ಡ ತಪ್ಪು. ಸಾಲ ಪಡೆಯಲು ಬಂದವರನ್ನು ಏಕವಚನದಲ್ಲಿ ಕರೆಯುವ ಸಲುಗೆ ಸಂಸ್ಥೆಗೆ ಇಲ್ಲ.

ಹೂಡಿಕೆ ಬಳಗಗಳ ಪದಗಳು, ಉದಾಹರಣೆಗೆ `HODL` ಅಥವಾ 💎🙌, ಬಳಸಬಹುದೇ?

ಬೇಡ. `HODL` ಎಂಬುದು 2013ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ವೇದಿಕೆಯೊಂದರಲ್ಲಿ ‘ಹೋಲ್ಡ್’ ಪದದ ಅಕ್ಷರ ಅದಲುಬದಲಾಗಿ ಹುಟ್ಟಿತು. ಈಗ ಅದರ ತಿರುಳು ಬೆಲೆ ಎಷ್ಟೇ ಬೀಳಲಿ ಮಾರಬೇಡಿ ಎಂಬುದು. 💎🙌 ಕೂಡ ಅದನ್ನೇ ಹೇಳುತ್ತದೆ. ಇವು ಹೂಡಿಕೆಯ ಸಲಹೆಗಳು. ಗ್ರಾಹಕರ ವಯಸ್ಸು, ಸಾಲ, ಹಣ ಬೇಕಾಗುವ ಸಮಯ ಯಾವುದನ್ನೂ ಕೇಳದೆ ಎಲ್ಲರಿಗೂ ‘ಮಾರಬೇಡಿ’ ಎನ್ನುವ ಪೋಸ್ಟ್ ಬರೆದರೆ ಯಾವ ಕಂಪ್ಲಯನ್ಸ್ ಅಧಿಕಾರಿಯೂ ಬಿಡುವುದಿಲ್ಲ. ಎಮೋಜಿಯಲ್ಲಿ ಬರೆದರೂ ಅದೇ ಉತ್ತರ. ಆ ಪದಗಳ ಅರ್ಥವನ್ನು ವಿವರಿಸುವ ತಿಳಿವಳಿಕೆಯ ಬರಹವಾದರೆ ಅವುಗಳನ್ನು ಉಲ್ಲೇಖಿಸಲು ಅಡ್ಡಿಯಿಲ್ಲ.

ಪ್ರತಿಕ್ರಿಯೆಗಳಿಗೆ ಉತ್ತರಿಸುವಾಗ 👍 ಅಥವಾ ‘ಲೈಕ್’ ಒತ್ತುವುದನ್ನೂ ನೋಡಬೇಕೇ?

ಪೋಸ್ಟಿಗಿಂತ ಹೆಚ್ಚು ಜಾಗರೂಕತೆ ಇಲ್ಲಿ ಬೇಕು, ಏಕೆಂದರೆ ಉತ್ತರಗಳನ್ನು ಅವಸರದಲ್ಲಿ ಬರೆಯುತ್ತಾರೆ, ಯಾರೂ ಮರು ಓದುವುದಿಲ್ಲ. ಕೆನಡಾದ ಸಸ್ಕ್ಯಾಚುವನ್ ಪ್ರಾಂತ್ಯದಲ್ಲಿ ಧಾನ್ಯ ಖರೀದಿದಾರರು ಅಗಸೆ ಬೀಜದ ಒಪ್ಪಂದದ ಚಿತ್ರ ಕಳಿಸಿ ಖಚಿತಪಡಿಸಲು ಕೇಳಿದಾಗ ರೈತರೊಬ್ಬರು 👍 ಕಳಿಸಿದ್ದರು. ಆ ಹೆಬ್ಬೆರಳು ಸಹಿಗೆ ಸಮ ಎಂದು ನ್ಯಾಯಾಲಯ 2023ರಲ್ಲಿ ತೀರ್ಪಿತ್ತು, 82,000 ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ‘ನನ್ನ ಬಡ್ಡಿ ಮನ್ನಾ ಆಗುತ್ತದಲ್ಲವೇ?’ ಎಂದು ಕೇಳಿದವರಿಗೆ ‘ನೋಡಿದ್ದೇವೆ’ ಎಂಬ ಅರ್ಥದಲ್ಲಿ 👍 ಹಾಕುವ ಸಿಬ್ಬಂದಿಗೆ ಇದನ್ನು ಹೇಳಿಕೊಡಿ.

ಲೈಕ್ ಕೂಡ ಮೌನವಲ್ಲ. ಅಮೆರಿಕದ ಷೇರು ದಲ್ಲಾಳಿಗಳ ನಿಯಂತ್ರಕ ಫಿನ್ರಾ 2017ರ ಸೂಚನೆಯಲ್ಲಿ, ಗ್ರಾಹಕರು ತಾವಾಗಿ ಬರೆದ ಹೊಗಳಿಕೆಯನ್ನು ಸಂಸ್ಥೆಯ ಪ್ರತಿನಿಧಿ ಲೈಕ್ ಮಾಡಿದರೆ ಅಥವಾ ಹಂಚಿದರೆ ಅದನ್ನು ತನ್ನದಾಗಿಸಿಕೊಂಡಂತೆ ಎಂದು ತಿಳಿಸಿದೆ. ‘ಇವರ ಫಂಡಿನಲ್ಲಿ ಹಣ ದುಪ್ಪಟ್ಟಾಯಿತು 🚀’ ಎಂಬ ಪ್ರತಿಕ್ರಿಯೆಗೆ ಹೃದಯ ಒತ್ತಿದ ಕೂಡಲೇ ಆ ಮಾತು ನಿಮ್ಮದಾಗುತ್ತದೆ.

ದೂರಿಗೆ ಕೊಡುವ ಉತ್ತರದಲ್ಲಿ ಯಾವ ಎಮೋಜಿಯೂ ಬೇಡ. ‘ಕ್ಷಮಿಸಿ 😊’ ಎಂಬ ಎರಡು ಗುರುತು ಸೇರಿದರೆ ಕ್ಷಮೆಯೂ ಉಳಿಯುವುದಿಲ್ಲ, ನಗುವೂ ಉಳಿಯುವುದಿಲ್ಲ.

ಮಾರ್ಕೆಟಿಂಗ್ ತಂಡ ‘ನೀವು ಎಲ್ಲವನ್ನೂ ಸಪ್ಪೆ ಮಾಡುತ್ತೀರಿ’ ಎಂದರೆ?

‘ಇದು ಸರಿ ಕಾಣುವುದಿಲ್ಲ’ ಎಂದು ಹಿಂದಿರುಗಿಸಿದರೆ ಅವರ ಮಾತಿನಲ್ಲಿ ಹುರುಳಿದೆ. ಕಾರಣವಿಲ್ಲದ ನಿರಾಕರಣೆ ರುಚಿಯ ಜಗಳವಾಗುತ್ತದೆ. ಪ್ರತಿ ಗುರುತಿನ ಪಕ್ಕ ಮೂರರಲ್ಲಿ ಒಂದು ಕಾರಣ ಬರೆಯಿರಿ: ಇದು ಸಹಿ ಹಾಕಲಾಗದ ಮಾತು ಹೇಳುತ್ತದೆ, ಇದು ಓದುಗರಲ್ಲಿ ಇಂಥವರಿಗೆ ನೋಯಿಸುತ್ತದೆ, ಇದು ಇಂಥ ಫೋನಿನಲ್ಲಿ ತಪ್ಪಾಗಿ ಕಾಣುತ್ತದೆ ಅಥವಾ ಕೇಳುತ್ತದೆ. ಮೂರರಲ್ಲಿ ಯಾವುದೂ ಹೊಂದದಿದ್ದರೆ, ನಿಮಗೆ ಇಷ್ಟವಿಲ್ಲದಿದ್ದರೂ ಒಪ್ಪಿಗೆ ಕೊಡಿ. ಜೊತೆಗೆ ತೆಗೆದದ್ದರ ಬದಲಿಗೆ ಒಂದು ಸಾಲು ಬರೆದು ಕೊಡಿ. ಪರ್ಯಾಯ ಕೊಡುವ ಪರಿಶೀಲಕರ ಮೇಲೆ ಯಾರೂ ಹೆಚ್ಚು ದಿನ ಮುನಿಸಿಕೊಂಡಿರುವುದಿಲ್ಲ.

ಒಪ್ಪಿಗೆಯ ದಾಖಲೆ ಹೇಗಿರಬೇಕು?

ಪಠ್ಯದ ಪ್ರತಿ ಸಾಲದು, ಫೋನಿನಲ್ಲಿ ಕಂಡಂತೆ ಸ್ಕ್ರೀನ್‌ಶಾಟ್ ಬೇಕು. ಹಳೆಯ ದಾಖಲೆ ವ್ಯವಸ್ಥೆಗಳಲ್ಲಿ ಎಮೋಜಿಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡುತ್ತವೆ. ಮೈಎಸ್‌ಕ್ಯುಎಲ್ ಡೇಟಾಬೇಸಿನ ಹಳೆಯ `utf8` ವಿಧಾನ ಒಂದು ಅಕ್ಷರಕ್ಕೆ ಮೂರು ಬೈಟ್ ಮಾತ್ರ ಕೊಡುತ್ತದೆ, ಬಹುತೇಕ ಎಮೋಜಿಗೆ ನಾಲ್ಕು ಬೇಕು. ಅಲ್ಲಿ `utf8mb4` ಇರಬೇಕು. ಮೂರು ವರ್ಷದ ನಂತರ ತನಿಖಾಧಿಕಾರಿಗೆ ‘ಗಳಿಸಿದೆ! ????’ ಎಂಬ ದಾಖಲೆ ತೋರಿಸಿದರೆ ಅಲ್ಲಿದ್ದದ್ದು ರಾಕೆಟ್ಟೋ ಗಡಿಯಾರವೋ ಎಂದು ಸಾಬೀತು ಮಾಡುವುದು ಹೇಗೆ? ನಿಮ್ಮ ದಾಖಲೆ ವ್ಯವಸ್ಥೆಗೆ ಇಂದು ಒಂದು ಎಮೋಜಿ ಸೇರಿಸಿ, ಹೊರತೆಗೆದು ನೋಡಿ.

ಒಪ್ಪಿದ, ನಿಷೇಧಿಸಿದ ಎಮೋಜಿಗಳ ಪಟ್ಟಿ ಮಾಡಿಕೊಂಡರೆ ಸಾಕೇ?

ಪಟ್ಟಿ ಇರಲಿ, ಒಂದು ಪುಟಕ್ಕಿಂತ ಉದ್ದ ಬೇಡ. ಒಪ್ಪಿದವುಗಳ ಮುಂದೆ ಯಾವ ಬಗೆಯ ಪೋಸ್ಟಿಗೆ ಎಂದು ಬರೆಯಿರಿ: ⚠️ ವಂಚನೆಯ ಎಚ್ಚರಿಕೆಗೆ ಮಾತ್ರ, 🕘 ವೇಳಾಪಟ್ಟಿಗೆ, 📞 ಸಹಾಯವಾಣಿಗೆ. ⚠️ ಅನ್ನು ರಿಯಾಯಿತಿಯ ಕೊನೆಯ ದಿನಕ್ಕೂ ಬಳಸಿಬಿಟ್ಟರೆ ನಿಜವಾದ ವಂಚನೆಯ ದಿನ ಅದನ್ನು ಯಾರೂ ನೋಡುವುದಿಲ್ಲ. ಆರು ತಿಂಗಳಿಗೊಮ್ಮೆ ಇಪ್ಪತ್ತರ ಹರೆಯದ ಒಬ್ಬರು, ಅರವತ್ತು ದಾಟಿದ ಒಬ್ಬರು ಸೇರಿ ಪಟ್ಟಿಯನ್ನು ಓದಲಿ. ಇಬ್ಬರೂ ಒಂದೇ ಅರ್ಥ ಹೇಳಿದವು ಉಳಿಯಲಿ.

ತಪ್ಪು ಪೋಸ್ಟ್ ಹೊರಟೇ ಹೋಗಿದ್ದರೆ ಅಳಿಸಬೇಕೇ, ತಿದ್ದಬೇಕೇ?

ಗಳಿಕೆಯ ಬಗ್ಗೆ ತಪ್ಪು ಮಾತು ಹೋಗಿದ್ದರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಕಂಪ್ಲಯನ್ಸ್ ವಿಭಾಗಕ್ಕೆ ಕರೆ, ನಂತರ ಅಳಿಸುವಿಕೆ. ಅದನ್ನು ನೋಡಿದವರಿಗಾಗಿ ತಿದ್ದುಪಡಿಯ ಪೋಸ್ಟ್ ಹೋಗಬೇಕು. ತಿದ್ದುಪಡಿಯಲ್ಲಿ ಏನು ತಪ್ಪಾಗಿತ್ತು ಎಂದು ಪದಗಳಲ್ಲಿ ಹೇಳಿ: ‘ಬೆಳಿಗ್ಗೆಯ ಪೋಸ್ಟಿನಲ್ಲಿ ಬಾಂಡ್ ಫಂಡಿನ ಗಳಿಕೆಯನ್ನು ಖಚಿತವೆಂಬಂತೆ ಸೂಚಿಸಲಾಗಿತ್ತು. ಅದು ಖಚಿತವಲ್ಲ.’ ನೋಯಿಸುವ ತಮಾಷೆಯಾಗಿದ್ದರೆ ಅಳಿಸಿ, ಒಂದೇ ಸಾಲಿನಲ್ಲಿ ಕ್ಷಮೆ ಕೇಳಿ; ತಮಾಷೆಯನ್ನು ಸಮರ್ಥಿಸುವ ಎರಡನೆಯ ಸಾಲು ಬರೆಯಬೇಡಿ. ಬರೀ ಕ್ಯಾಲೆಂಡರಿನ ಎಮೋಜಿ ತಪ್ಪಾಗಿದ್ದು ಆ್ಯಪ್ ತಿದ್ದಲು ಬಿಡುವುದಾದರೆ ತಿದ್ದಿ. ಅಷ್ಟರಲ್ಲಿ ಗಡುವಿನ ಬಗ್ಗೆ ಯಾರಾದರೂ ಪ್ರತಿಕ್ರಿಯೆಯಲ್ಲಿ ಕೇಳಿದ್ದರೆ ಅವರಿಗೆ ಸರಿಯಾದ ದಿನಾಂಕವನ್ನು ಬೇರೆಯಾಗಿ ಬರೆದು ತಿಳಿಸಿ.